ಟವೆಲ್ಲಿನ ಕಲೆ

ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಹತ್ತಕ್ಕೇ ಪಾರ್ಲರಿನ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ತಲೆ ತೊಳೆಯುವುದು ನನ್ನ ಕೆಲಸ, ಇಪ್ಪತ್ತೆಂಟು ವರ್ಷದಿಂದ ಅದೇ. ಬಣ್ಣ ಹಾಕುವುದು ತಂಗಿಯದು. ಅವಳನ್ನು ಅಲ್ಲಿಗೆ ಸೇರಿಸಿದವಳು ನಾನೇ. ಆರು ತಿಂಗಳು ನೋಡಿ ಎರಡನೆಯ ಕುರ್ಚಿ ಅವಳಿಗೇ ಬಿಡುತ್ತೇನೆ ಎಂದಿದ್ದಳು ಯಜಮಾನಿ. ಆರನೆಯ ತಿಂಗಳ ಕೊನೆಯ ಸೋಮವಾರ ಬಣ್ಣ ಹಾಕಿಸಿಕೊಳ್ಳಲು ಆ ಕುರ್ಚಿಯಲ್ಲಿ ಕೂತವಳು ಯಜಮಾನಿಯ ನಾದಿನಿ. ಈ ತಲೆ ಸರಿಬಂದರೆ ಕುರ್ಚಿ, ಇಲ್ಲದಿದ್ದರೆ ಬಾಗಿಲು.

ಹಿಂದಿನ ವಾರ ಯಾರದೋ ಕೂದಲ ಬಗ್ಗೆ ನಾನು ಬಾಯಿ ತೆರೆದಾಗ ತಂಗಿ ಗಿರಾಕಿಗಳೆದುರೇ ನಕ್ಕಿದ್ದಳು.

"ಅಕ್ಕ, ನೀನು ನೀರು ನೋಡ್ಕೋ. ನಂಬರು ನಾನು ನೋಡ್ಕೋತೀನಿ."

ಮುಳ್ಳು ಚಿಕ್ಕದೇ. ಒಳಗೇ ಮುರಿದು ಉಳಿದಿತ್ತು.

ನಾದಿನಿಯ ತಲೆ ತುಂಬ ಎಣ್ಣೆ. ಮೊದಲು ತೊಳೆದೆ. ಒರೆಸಿದ ಬಿಳಿ ಟವೆಲ್ಲಿನ ಮೇಲೆ ಡಿಕಾಕ್ಷನ್ನಿನಂಥ ಕಲೆ. ಹುಟ್ಟಿನ ಕಪ್ಪು ಟವೆಲ್ಲಿಗೆ ಇಳಿಯುವುದಿಲ್ಲ. ಡಬ್ಬಿಯ ಕಪ್ಪು ಇಳಿಯುತ್ತದೆ. ಬುಡದಲ್ಲಿ ಬೆರಳಗಲ ಹೊಸದಾಗಿ ಬೆಳೆದಿತ್ತು, ಕೆಳಗೆಲ್ಲ ಹಾಕಿಸಿದ ಬಣ್ಣ. ಕಣ್ಣಿಗೆ ಎರಡೂ ಒಂದೇ.

ಕೂದಲು ಒಣಗಿದ ಮೇಲೆ ತಂಗಿ ಮಾದರಿ ಎಳೆಗಳ ಪುಸ್ತಕ ಹಿಡಿದು ತಾಳೆ ನೋಡಿದಳು. ಒಂದೆಂದರೆ ಕಡುಗಪ್ಪು, ಹತ್ತೆಂದರೆ ಒಣಹುಲ್ಲಿನ ತಿಳಿ. ಇವಳದು ಮೂರು, ಕೇಳಿದ್ದು ಆರು. ಮೂರು ಮೆಟ್ಟಿಲು ಏರಬೇಕು. ಬಣ್ಣಕ್ಕೆ ಬೆರೆಸುವ ಇಪ್ಪತ್ತರ ಡೆವಲಪರ್ ಎರಡು ಏರಿಸಿದರೆ ಹೆಚ್ಚು, ಮೂವತ್ತರದೇ ಬೇಕು. ಲೆಕ್ಕದಲ್ಲಿ ತಪ್ಪಿರಲಿಲ್ಲ.

"ಮೊದಲು ಬಣ್ಣ ಹಾಕ್ಸಿದ್ರಾ?"

"ಹುಟ್ಟಿದಾಗಿಂದ ಇದೇ ಕಪ್ಪು ಕಣಮ್ಮ."

ಟವೆಲ್ಲು ಇನ್ನೂ ನನ್ನ ಕೈಯಲ್ಲಿತ್ತು. ಕಲೆ ಒಳಗಾಗುವಂತೆ ಮಡಚಿ ಬಕೆಟ್ಟಿಗೆ ಹಾಕಿದೆ. ಮೊದಲು ಒಂದೆಳೆಗೆ ಹಚ್ಚಿ ನೋಡಿದ್ದರೂ ತಂಗಿಗೆ ತಿಳಿಯುತ್ತಿತ್ತು. ನೋಡಲಿಲ್ಲ.

ಮೂವತ್ತೈದು ನಿಮಿಷ ಕಳೆದು ತೊಳೆದವಳೂ ನಾನೇ. ಬುಡದಲ್ಲಿ ಬೆರಳಗಲ ಕಿತ್ತಳೆ, ಅದರ ಕೆಳಗೆ ಮೊದಲಿನ ಕಪ್ಪೇ. ತುದಿಗೆ ಬೆಂಕಿ ಹತ್ತಿದ ಕರಿಕಡ್ಡಿಯನ್ನು ನೆಟ್ಟಗೆ ಹಿಡಿದಂತಿತ್ತು.

ಯಜಮಾನಿ ದನಿ ಏರಿಸಲಿಲ್ಲ. "ಹಾಕಿದ ಬಣ್ಣಾನ ಇನ್ನೊಂದು ಬಣ್ಣ ತಿಳಿ ಮಾಡಲ್ಲ. ಇಷ್ಟೂ ಗೊತ್ತಿಲ್ವಾ ನಿನಗೆ?"

"ಹಾಕ್ಸಿಲ್ಲ ಅಂದ್ರು."

"ನಾನೆಲ್ಲಿ ಅಂದೆ?" ಎಂದಳು ನಾದಿನಿ ಕನ್ನಡಿಗೆ.

ತಂಗಿ ನನ್ನತ್ತ ತಿರುಗಿದಳು. "ಅಕ್ಕ, ತೊಳ್ದೋಳು ನೀನು. ಹೇಳು."

"ನನಗೇನು ಗೊತ್ತು? ನಾನು ನೀರು ನೋಡ್ಕೊಂಡೆ."

ತಂಗಿ ಬಕೆಟ್ಟಿನ ಹತ್ತಿರ ಹೋಗಿ ಟವೆಲ್ಲು ಬಿಡಿಸಿದಳು. ಕಲೆ ನೋಡಿದಳು. ನಾನು ಮಡಚಿದ್ದ ಗೆರೆಯಲ್ಲೇ ಮತ್ತೆ ಮಡಚಿ ನನ್ನ ಕೈಗಿಟ್ಟಳು. ಯಜಮಾನಿಗೆ ಅವಳು ಒಂದು ಮಾತು ಹೇಳಿದ್ದರೆ ಅವಳ ಜೊತೆ ನಾನೂ ಹೊರಗಿರುತ್ತಿದ್ದೆ. ಹೇಳಲಿಲ್ಲ.

ಎರಡು ದಿನ ಒಂದೇ ಮನೆಯಲ್ಲಿ ಬೇರೆಬೇರೆ ಹೊತ್ತಿಗೆ ಉಂಡೆವು. ತನ್ನ ಬ್ರಷ್ಷು, ಬಟ್ಟಲು, ಪುಸ್ತಕ ಚೀಲಕ್ಕೆ ತುಂಬಿಕೊಂಡು ತಂಗಿ ಮನೆ ಬಿಟ್ಟು ಹೋದದ್ದು ಬುಧವಾರ.