ತಟ್ಟೆಯಗಲದ ಮೊಹರು

ಮಲಪ್ರಭಾ ಮಹಿಳಾ ಸಂಘದ ಮೊಹರಿನ ನಕ್ಷೆಯನ್ನು ನಾನು ಊಟದ ತಟ್ಟೆ ಬೋರಲು ಹಾಕಿ ಬರೆದೆ. ಕೈವಾರ ಸಿಗಲಿಲ್ಲ, ತಟ್ಟೆ ಸಿಕ್ಕಿತು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ರಾಜಮುದ್ರೆಗಳ ಬಗ್ಗೆ ಹುಡುಗಿಯರು ಆಕಳಿಸುವವರೆಗೆ ಮಾತಾಡಿದವಳಿಗೆ ರಬ್ಬರ್ ಮೊಹರು ಯಾವ ಲೆಕ್ಕ ಎಂದುಕೊಂಡಿದ್ದೆ.

ಸಂಘ ಇರುವುದು ಖಾನಾಪುರದಲ್ಲಿ. ಅಧ್ಯಕ್ಷೆ ಕಾಶವ್ವನ ಪಡಸಾಲೆಯಲ್ಲಿ ಒಂದಷ್ಟು ಹೆಂಗಸರು ಸೇರಿ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ನಾನು ಬೆಳಗಾವಿಯ ರಾಮತೀರ್ಥ ನಗರದಿಂದ ಆಗಾಗ ಹೋಗಿ ಸಲಹೆ ಕೊಟ್ಟು, ಚಹಾ ಕುಡಿದು ಬರುತ್ತೇನೆ. ಕಾಶವ್ವನ ಸೊಸೆಗೆ ದಿನ ತುಂಬುತ್ತಿತ್ತು. ಬಾಣಂತಿ ಮಗುವಿನೊಂದಿಗೆ ಮನೆಗೆ ಬಂದರೆ ಪಡಸಾಲೆ ಬಿಡಲೇಬೇಕು. ಸರಕಾರಿ ಕಚೇರಿಯೊಂದರ ಹಿಂದೆ ಖಾಲಿ ಬಿದ್ದಿದ್ದ ಕೋಣೆಯನ್ನು ನೋಂದಾಯಿತ ಸಂಘಕ್ಕೆ ಕೊಡುತ್ತಾರೆಂದು ತಿಳಿದು ಅರ್ಜಿ ತಂದೆವು. ಅದರ ಕೆಳಗಿನ ಚಿಕ್ಕ ಚೌಕದಲ್ಲಿ ಸಂಘದ ಮೊಹರು ಬೀಳಬೇಕಿತ್ತು. ಸಂಘಕ್ಕೆ ಮೊಹರೇ ಇರಲಿಲ್ಲ.

ನಕ್ಷೆ ಬರೆಯುವಾಗ ಎಲ್ಲರೂ ಪಡಸಾಲೆಯಲ್ಲಿ ನನ್ನ ಸುತ್ತ ಕೂತಿದ್ದರು. ಅನ್ವರಿ ಹೊಲಿಗೆ ಮಷೀನಿನ ಚಿತ್ರ ಕೇಳಿದಳು, ಹಾಕಿದೆ. ಗೌರವ್ವ ದೀಪ ಕೇಳಿದಳು, ಮಷೀನಿನ ಮೇಲೆ ದೀಪ ಇಟ್ಟೆ. ಮೇಘಾಳ ಮನೆಮಾತು ಮರಾಠಿ. ಸಂಘದ ಹೆಸರು ಮರಾಠಿಯಲ್ಲೂ ಇದ್ದರೆ ಅತ್ತೆಗೆ ಓದಲು ಬರುತ್ತದೆ ಎಂದಳು. ಅದಕ್ಕೊಂದು ಒಳಸುತ್ತು ಎಳೆದೆ. ಯಾರ ಮಾತನ್ನೂ ತೆಗೆದುಹಾಕಬಾರದು ಎಂಬುದು ನನ್ನ ದೊಡ್ಡತನ. ಉಳಿದ ಕೆಳಗಿನ ಕಮಾನಿಗೆ ನಾನೇ ಒಂದು ಧ್ಯೇಯವಾಕ್ಯ ಕಟ್ಟಿದೆ: ‘ಸ್ವಾವಲಂಬನೆಯೇ ಸ್ತ್ರೀಶಕ್ತಿಯ ಸ್ವರ್ಣದ್ವಾರ’. ಅರ್ಥ ಯಾರೂ ಕೇಳಲಿಲ್ಲ. ಅದನ್ನು ನಾನು ಗೌರವ ಎಂದು ತಿಳಿದೆ.

ತಟ್ಟೆಯಗಲದಲ್ಲಿ ಅದು ನಿಜಕ್ಕೂ ಚೆನ್ನಾಗಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ಮೊಹರು ಮಾಡುವ ಸೊಹೈಲನ ಅಂಗಡಿಯಲ್ಲಿ, ಕಂಪ್ಯೂಟರಿನ ಪರದೆ ತುಂಬ ಹಿಗ್ಗಿದಾಗ ಇನ್ನೂ ಚೆನ್ನಾಗಿ ಕಂಡಿತು. ಅವನಿಗೂ ಅದರ ಮೇಲೆ ಮೋಹವಾಯಿತು. ದೀಪಕ್ಕೆ ಸಣ್ಣ ಕಿರಣಗಳನ್ನು ಅವನೇ ಸೇರಿಸಿದ. ನಾವಿಬ್ಬರೂ ಪರದೆಯನ್ನು ನೋಡಿ ಸುಖಪಟ್ಟೆವು. ನಿಜವಾದ ಅಳತೆಯಲ್ಲಿ ಒಮ್ಮೆ ಕಾಗದಕ್ಕೆ ಇಳಿಸಿ ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮೊಹರು ಬಿದ್ದ ಅರ್ಜಿಯನ್ನು ಕಚೇರಿಯ ಗುಮಾಸ್ತರು ಗುರುಪುತ್ರಪ್ಪನವರು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಸುಟ್ಟ ರೊಟ್ಟಿಯ ಹಾಗೆ ಒಂದು ಕಪ್ಪು ದುಂಡು, ಅಂಚಿಗೆ ಇರುವೆ ಸಾಲು.

“ಅಕ್ಕಾರ, ಇದು ಯಾವ ಸಂಘರೀ?” ಎಂದು ಮೆಲ್ಲಗೆ ಕೇಳಿದರು.

ಹೆಸರು ಓದಲು ಬಾರದ ಮೊಹರನ್ನು ಸಾಹೇಬರು ಒಪ್ಪುವುದಿಲ್ಲ, ನಾಳೆ ಕಚೇರಿ ಮುಚ್ಚುವುದರೊಳಗೆ ತಂದರೆ ನಡೆಯುತ್ತದೆ ಎಂದರು. ಬೇರೆ ಸಂಘದ ಅರ್ಜಿಯೂ ಬಂದಿದೆ ಎಂಬುದನ್ನು ನಮಗೆ ನೋವಾಗದಂತೆ, ಕ್ಯಾಲೆಂಡರಿನ ಕಡೆ ನೋಡುತ್ತ ಹೇಳಿದರು. ಕೇಳದೆಯೇ ಇನ್ನೆರಡು ಖಾಲಿ ಅರ್ಜಿ ಕೊಟ್ಟರು. ನನ್ನ ಕೆಲಸಗಾರಿಕೆಯ ಮೇಲೆ ಅವರಿಗಿದ್ದ ಅಂದಾಜು ಅದು.

ಕಾಶವ್ವನೂ ನಾನೂ ಅಲ್ಲಿಂದಲೇ ಬೆಳಗಾವಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನನ್ನು ಏನೂ ಅನ್ನಲಿಲ್ಲ. ಕಿಟಕಿಯ ಬದಿ ನನಗೇ ಬಿಟ್ಟುಕೊಟ್ಟಳು. ಬೈದಿದ್ದರೆ ಹಗುರಾಗುತ್ತಿತ್ತು.

ಸೊಹೈಲ ಮೊಹರನ್ನು ತಿರುವಿ ನೋಡಿ ತಲೆ ಕೆರೆದುಕೊಂಡ. ನಕ್ಷೆ ಅಚ್ಚಾದ ಫಿಲ್ಮಿನ ಮೂಲಕ ಬೆಳಕು ಬಿದ್ದಲ್ಲಿ ಮಾತ್ರ, ಮೊಹರಾಗುವ ಪಾಲಿಮರ್ ದ್ರವ ಗಟ್ಟಿಯಾಗುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದು ಹೋಗುತ್ತದೆ. ಅವನ ಕಿರಣಗಳು ತೀರ ತೆಳುವಾಗಿ ತೊಳೆದೇ ಹೋಗಿದ್ದವು. ನನ್ನ ಅಕ್ಷರಗಳು ಒತ್ತಾಗಿ ಕೂತು, ಹೊಟ್ಟೆಯಲ್ಲೆಲ್ಲ ಶಾಯಿ ತುಂಬಿಕೊಂಡಿದ್ದವು. ದೊಡ್ಡದು ಮಾಡೋಣವೆಂದರೆ ಅರ್ಜಿಯ ಚೌಕ ದೊಡ್ಡದಾಗುವುದಿಲ್ಲ. ತೆಗೆಯುವುದೊಂದೇ ದಾರಿ.

ಕಾಶವ್ವ ಒಬ್ಬೊಬ್ಬರಿಗೂ ಫೋನು ಮಾಡಿದಳು. ಅನ್ವರಿ, ಮಷೀನು ಮನೆಯಲ್ಲೇ ಇದೆ, ಮೊಹರಿನಲ್ಲೇಕೆ ಎಂದುಬಿಟ್ಟಳು. ಗೌರವ್ವ ದೀಪ ಬಿಟ್ಟಳು. ಮೇಘಾ, “ಆತು, ಅತ್ತೆಗೆ ನಾನ ಓದಿ ಹೇಳ್ತೇನಿ” ಎಂದಳು. ಮರಾಠಿಯ ಜೊತೆ ಒಳಸುತ್ತಿನ ಗೆರೆಯೂ ಹೋಯಿತು. ಹೋದದ್ದೇ, ಮೇಲಿನ ಕಮಾನಿನಲ್ಲಿದ್ದ ಹೆಸರಿಗೆ ಉಸಿರು ಬಂದಂತಾಯಿತು. ಮೇಲಿನ ಕಮಾನಿನಲ್ಲಿ ಅಕ್ಷರಗಳ ತಲೆ ಬಿಡಿಬಿಡಿಯಾಗಿ ಹರಡುತ್ತದೆ, ಬುಡ ಒಳಗೆ ಒತ್ತರಿಸುತ್ತದೆ. ನಮ್ಮ ಒತ್ತಕ್ಷರ ನೇತಾಡುವುದು ಬುಡದಲ್ಲಿಯೇ. ‘ಪ್ರ’ದ ಬಾಲಕ್ಕೆ ಈಗ ಚಾಚಿಕೊಳ್ಳಲು ಜಾಗವಿತ್ತು.

ಎಲ್ಲರೂ ತಮ್ಮದನ್ನು ಬಿಟ್ಟುಕೊಟ್ಟಿದ್ದರು. ನಾನು ಮಾತ್ರ ಕೊಟ್ಟಿರಲಿಲ್ಲ.

ಕೆಳಗಿನ ಕಮಾನಿನಲ್ಲಿ ಧ್ಯೇಯವಾಕ್ಯದ ಒತ್ತುಗಳು ಹೊರಸುತ್ತಿನ ಗೆರೆಗೆ ಢಿಕ್ಕಿ ಹೊಡೆಯುತ್ತಿದ್ದವು. ‘ಸ್ತ್ರೀ’ಯಂತೂ ಗೆರೆ ದಾಟಿ ಹೊರಗೆ ಕಾಲಿಟ್ಟಿತ್ತು. ಅಕ್ಷರ ಇನ್ನಷ್ಟು ಸಣ್ಣ ಮಾಡೋಣ ಎಂದೆ. ಓದಲು ಬರುವುದಿಲ್ಲ ಎಂದ ಸೊಹೈಲ. ಪೊರೆ ಬಂದ ಕಣ್ಣು ನನ್ನದು, ನನಗೆ ಕಂಡರೆ ಲೋಕಕ್ಕೇ ಕಾಣುತ್ತದೆ ಎಂದು ನಾನು ಹಟ ಹಿಡಿದೆ. ಅವನು ಏನೇನೋ ಬದಲಿಸಿ, ನಿಜವಾದ ಅಳತೆಯಲ್ಲಿ ಒಂದು ಚೀಟಿ ಮುದ್ರಿಸಿಕೊಟ್ಟ. ನಾನು ಕನ್ನಡಕ ತೆಗೆದಿಟ್ಟು, ಚೀಟಿಯನ್ನು ಮೊಳದೂರ ಹಿಡಿದು ತಡವರಿಸದೆ ಓದಿದೆ: “ಮಲಪ್ರಭಾ ಮಹಿಳಾ ಸಂಘ. ಕೆಳಗೆ, ಸ್ವಾವಲಂಬನೆಯೇ ಸ್ತ್ರೀಶಕ್ತಿಯ ಸ್ವರ್ಣದ್ವಾರ.”

ಸೊಹೈಲ ಕಾಶವ್ವನ ಕಡೆ ನೋಡಿದ.

“ಅಕ್ಕಾರ,” ಎಂದ ಸೊಹೈಲ, “ಅದನ್ನ ತಗದು ನೋಡೂಣಂತ, ಇದರಾಗ ಬರೇ ಊರ ಹೆಸರ ಹಾಕೇನ್ರಿ.”

ಕನ್ನಡಕ ಹಾಕಿಕೊಂಡು ನೋಡಿದೆ. ಕೆಳಗೆ ‘ಖಾನಾಪುರ’ ಎಂದಿತ್ತು. ಇಲ್ಲದ್ದನ್ನು ನಾನು ಒತ್ತಕ್ಷರ ಸಮೇತ ಓದಿದ್ದೆ.

ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕೊನೆಗೆ ತಡೆಯಲಾರದೆ, “ನಿಮ್ಮ ಕಣ್ಣ ಭಾಳ ಚೊಲೋ ಅದಾವ್ರಿ ಅಕ್ಕಾರ, ಬರೆಯೂದಕ್ಕಿಂತ ಮೊದಲ ಓದತಾವ” ಎಂದಳು. ಬೆಳಗಿನಿಂದ ಅವಳು ನನಗೆ ಅಂದದ್ದು ಅದೊಂದೇ. ಮೂವರೂ ನಕ್ಕೆವು. ನನ್ನ ನಗು ಎಲ್ಲರಿಗಿಂತ ತಡವಾಗಿ ಶುರುವಾಗಿ, ತಡವಾಗಿ ನಿಂತಿತು.

ನಕ್ಕ ಮೇಲೆ ಭಯವಾಯಿತು. ಗೊತ್ತಿದ್ದವರು ಓದಿದರೆ ಅದು ಓದಲ್ಲ. ಮೂವರಿಗೂ ಹೆಸರು ಬಾಯಿಪಾಠ, ‘ಮಲಪ್ರಭಾ’ ಎಂದು ನಾವು ಓದಿದ್ದಾದರೂ ಖರೆಯೇ? ಆಗ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಒಬ್ಬ ಹಿರಿಯರು ಬಂದರು. ದುಂಡಪ್ಪ ಎಂದು ಹೆಸರು. ನಮ್ಮನ್ನಾಗಲಿ, ಸಂಘವನ್ನಾಗಲಿ ಕಂಡವರಲ್ಲ. ಚೀಟಿ ಕೊಟ್ಟು, ಇದರಲ್ಲಿ ಏನು ಬರೆದಿದೆ ಹೇಳಿ ಎಂದೆ. ನನಗೆ ಅಕ್ಷರ ಬಾರದು ಎಂದು ತಿಳಿದರು, ಪಾಪ. ಪಕ್ಕದಲ್ಲಿ ಬಂದು ನಿಂತು, ಬೆರಳಿಟ್ಟು, ಮಗುವಿಗೆ ಹೇಳಿಕೊಡುವಂತೆ ಹೇಳಿದರು.

“ಮಲ... ಪ್ರಭಾ. ಮಹಿಳಾ ಸಂಘ. ಇದು ಖಾನಾಪುರ. ಈಗೂ ಕಲೀಬಹುದವ್ವಾ, ವಯಸ್ಸಿಗೆ ನಾಚಬ್ಯಾಡ.”

ನಾನು ಕೈಮುಗಿದೆ. ತಿದ್ದಲು ಮನಸ್ಸಾಗಲಿಲ್ಲ. ತಪ್ಪು ಹೇಳಿದರೆಂದೂ ಅನಿಸಲಿಲ್ಲ.

ಮರುದಿನ ಖಾನಾಪುರದಲ್ಲಿ ಕಾಶವ್ವ, ಧ್ಯೇಯವಾಕ್ಯವಿಲ್ಲದ ಹೊಸ ಮೊಹರು ಒತ್ತಿದಳು. ದುಂಡಗಿನ ಮೊಹರಿಗೆ ಮೇಲೆ ಯಾವುದು, ಕೆಳಗೆ ಯಾವುದು? ಕೊಂಚ ಓರೆಯಾಗಿಯೇ ಬಿತ್ತು. ಗುರುಪುತ್ರಪ್ಪನವರು ಕಾಗದವನ್ನು ಅಷ್ಟೇ ಓರೆ ಮಾಡಿ, ಕೂತಲ್ಲೇ ಹೆಸರನ್ನು ಪೂರ್ತಿ ಓದಿದರು. “ಹಾಂ, ಈಗ ಸಂಘ ಆತು ನೋಡ್ರಿ” ಎಂದು ಅರ್ಜಿಯನ್ನು ಸಾಹೇಬರ ಕೋಣೆಗೆ ಒಯ್ದರು.

ಕಾಶವ್ವನ ಸೊಸೆ ಹೆರಿಗೆಗೆ ಆಸ್ಪತ್ರೆ ಸೇರಿದ ವಾರವೇ ಬೀಗದ ಕೈ ಸಿಕ್ಕಿತು. ಬಾಗಿಲು ತೆರೆದಾಗ ಹೆಂಗಸರೆಲ್ಲ ಒಳನುಗ್ಗಿ, ಯಾರ ಮಷೀನು ಎಲ್ಲಿ ಎಂದು ಜಾಗ ಹಿಡಿಯತೊಡಗಿದರು. ಈ ಕ್ಷಣಕ್ಕೆ ತಕ್ಕ ನಾಲ್ಕು ಮಾತಾಡಬೇಕೆಂದು ನಾನು ಹೊಸ್ತಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ.

“ಅಕ್ಕಾರ, ಒಳಗರೇ ಬರ್ರಿ, ಇಲ್ಲಾ ಹೊರಗರೇ ನಿಂದರ್ರಿ,” ಎಂದಳು ಅನ್ವರಿ, ಸೂಜಿಗೆ ದಾರ ಪೋಣಿಸುತ್ತ. “ಬೆಳಕ ಬೀಳವಲ್ದು.”

ಒಳಗೆ ಹೋಗಿ ಗೋಡೆಗೆ ಒರಗಿ ಕೂತೆ.