ಪದ್ಮಶ್ರೀ ಬಿಡದ ಮಾತ್ರೆ

ಜೀವನ್ ಬಿಮಾ ನಗರದಲ್ಲಿ ಹಂಸಳ ಮನೆಯ ಮಹಡಿಯ ಮೇಲೆ ಪದ್ಮಶ್ರೀ ಯೋಗ ಹೇಳಿಕೊಡುತ್ತಿದ್ದಳು. ಜಾಗ ಹಂಸಳದು, ಪಾಠ ಪದ್ಮಶ್ರೀಯದು. ಇಬ್ಬರೂ ಕಾಲೇಜಿನ ಕಾಲದ ಗೆಳತಿಯರು.

ಅಂತರರಾಷ್ಟ್ರೀಯ ಯೋಗ ದಿನಕ್ಕೆ ಮೊಬೈಲಿನಲ್ಲಿ ಹಂಚಲು ಪ್ರಚಾರದ ಸಾಲುಗಳನ್ನು ಪದ್ಮಶ್ರೀಯೇ ಹಂಸಳಿಗೆ ಬರೆದುಕೊಟ್ಟಿದ್ದಳು. ಮೊದಲ ಸಲ ಬರುವವರಿಗೆ ಸ್ವಾಗತ, ನೆಲದಲ್ಲಿ ಕೂರಲಾಗದವರಿಗೆ ಕುರ್ಚಿ ಇದೆ, ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಬನ್ನಿ. ಇಷ್ಟೇ. ಯಾವುದೇ ರೋಗ ವಾಸಿಯಾಗುತ್ತದೆ ಎಂದು ಹಾಕಬಾರದು ಎಂದು ಒತ್ತಿ ಹೇಳಿದ್ದಳು. ಹಂಸ ಒಪ್ಪಿದ್ದಳು.

ಆ ದಿನ ಬೆಳಗ್ಗೆ ಮಹಡಿ ತುಂಬಿತು. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಿಂದ ರೇವತಿ ಎಂಬಾಕೆ ಅತ್ತೆ ಜಟ್ಟೆಮ್ಮನನ್ನು ಕರೆತಂದಿದ್ದಳು. ಮುದುಕಿಯ ಮುಖ ಕೆಂಪೇರಿತ್ತು. ಕುರ್ಚಿ ಕೊಟ್ಟು, ಆರೋಗ್ಯ ಹೇಗಿದೆ ಎಂದು ಪದ್ಮಶ್ರೀ ವಿಚಾರಿಸಿದಳು.

"ತಲಿ ಭಾರ ಆಗ್ಯಾದ್ರಿ. ನೀವು ಥೈರಾಯ್ಡ್ ಗುಳಿಗಿ ಬಿಟ್ಟೀರಂತ ಸೊಸಿ ಓದಿ ಹೇಳಿದ್ಳು. ನಾನೂ ಬಿ.ಪಿ. ಗುಳಿಗಿ ಬಿಟ್ಟೀನ್ರಿ."

ರೇವತಿ ಮೊಬೈಲಿಗೆ ಬಂದಿದ್ದ ಯೋಗ ದಿನದ ಮೆಸೇಜು ತೋರಿಸಿದಳು. ಪದ್ಮಶ್ರೀಯ ಫೋಟೋ, ಕೆಳಗೆ, ಯೋಗದಿಂದ ತಾನು ಮಾತ್ರೆ ಬಿಟ್ಟೆ ಎಂದು ಅವಳೇ ಹೇಳಿದಂತೆ ಬರಹ. ಅವಳು ಬರೆದುಕೊಟ್ಟ ಸಾಲುಗಳಲ್ಲಿ ಒಂದೂ ಇರಲಿಲ್ಲ. ತನಗೆ ಥೈರಾಯ್ಡ್ ಇರುವ ವಿಷಯ ಅವಳು ಹೊರಗಿನವರಲ್ಲಿ ಹೇಳಿಕೊಂಡಿದ್ದು ಹಂಸಳೊಬ್ಬಳ ಹತ್ತಿರ.

ಬಾಗಿಲಲ್ಲಿ ಬಂದವರಿಗೆ ನೀರು ಕೊಡುತ್ತಿದ್ದ ಹಂಸ ಇತ್ತ ನೋಡಲಿಲ್ಲ.

ಪದ್ಮಶ್ರೀ ಎಲ್ಲರ ಮುಂದೆ ನಿಂತಳು. "ಆ ಮೆಸೇಜು ಸುಳ್ಳು. ನಾನು ಇವತ್ತು ಬೆಳಗ್ಗೆನೂ ಮಾತ್ರೆ ತಗೊಂಡೇ ಬಂದಿದೀನಿ. ಡಾಕ್ಟರನ್ನ ಕೇಳದೆ ಯಾರೂ ಮಾತ್ರೆ ನಿಲ್ಲಿಸ್ಬೇಡಿ."

ಜಟ್ಟೆಮ್ಮನಿಗೆ ಅಂದು ಯಾವ ಆಸನವೂ ಬೇಡವೆಂದು ಹೇಳಿ, ಇಬ್ಬರನ್ನೂ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದಳು. ಕೆಲವರು ಗೊಣಗುತ್ತ ಎದ್ದು ಹೋದರು. ಉಳಿದವರಿಗೆ ನಿಧಾನವಾಗಿ ಕೈ ಎತ್ತುವುದು, ಉಸಿರು ಬಿಗಿಹಿಡಿಯದೆ ಬಾಗುವುದು, ನೋವಾದರೆ ನಿಲ್ಲಿಸುವುದು ಹೇಳಿಕೊಟ್ಟಳು.

ಎಲ್ಲರೂ ಇಳಿದು ಹೋದ ಮೇಲೆ ಹಂಸ ಹತ್ತಿರ ಬಂದಳು. ಬರೀ ಕುರ್ಚಿ ಇದೆ ಅಂದರೆ ಯಾರು ಬರುತ್ತಾರೆ, ಎಲ್ಲ ಕಡೆ ಹೀಗೇ ಹಾಕುತ್ತಾರೆ ಎಂದಳು. "ನಿನ್ನ ಹೆಸರು ಬೆಳೀಲಿ ಅಂತಾನೇ ಕಣೇ ಮಾಡಿದ್ದು."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

ತಿಳಿಯದೆ ಮಾಡಿದ್ದರೆ ಪದ್ಮಶ್ರೀ ಜಗಳವಾಡಿ ಮರೆಯಬಹುದಿತ್ತು; ಇವಳು ಬೇಡ ಅನ್ನುತ್ತಾಳೆಂದು ತಿಳಿದೇ ಹಂಸ ಮಾಡಿದ್ದಳು. ಹಂಸ ಮೆಸೇಜು ಅಳಿಸಿದಳು. ಅಷ್ಟರಲ್ಲಿ ಅದು ಯಾರ್ಯಾರ ಗ್ರೂಪಿಗೋ ಹೋಗಿಬಿಟ್ಟಿತ್ತು. ಪದ್ಮಶ್ರೀ ತನ್ನ ದನಿಯಲ್ಲೇ ತಿದ್ದುಪಡಿ ರೆಕಾರ್ಡ್ ಮಾಡಿ, ಹರಡಿದ ಕಡೆಗೆಲ್ಲ ಕಳಿಸುವಂತೆ ರೇವತಿಯನ್ನೂ ಉಳಿದವರನ್ನೂ ಕೇಳಿಕೊಂಡಳು. ಮರುದಿನದಿಂದ ಆ ಮಹಡಿ ಹತ್ತಲಿಲ್ಲ.

ಕೆಲವು ದಿನಗಳ ಮೇಲೆ ರೇವತಿ ಫೋನ್ ಮಾಡಿದಳು. ಅತ್ತೆ ಮತ್ತೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ, ಕುರ್ಚಿಯಲ್ಲಿ ಕೂತು ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ, ಕ್ಲಾಸು ಎಲ್ಲಿ ಎಂದು ಕೇಳಿದಳು.

ಸದ್ಯಕ್ಕೆ ಎಲ್ಲೂ ಇಲ್ಲ ಎಂದಳು ಪದ್ಮಶ್ರೀ. ಜಾಗ ಸಿಕ್ಕಾಗ ಮೊದಲು ಅವರಿಗೇ ಹೇಳುವುದಾಗಿ ಮಾತು ಕೊಟ್ಟಳು.