ಆರು ಆಳಿನ ಮುಯ್ಯಿ

ತಿಥಿ ಮುಗಿಸಿಕೊಂಡು ನೆಂಟರೆಲ್ಲ ಕನಕಪುರದ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಭಾನುಪ್ರಿಯ ಮುದ್ದೆಗೆ ಎಸರಿಟ್ಟಳು. ಅಭ್ಯಾಸದಂತೆ ಮೂವರಿಗಾಗುವಷ್ಟು ನೀರು ಹೊಯ್ದಿದ್ದಳು. ಒಂದು ಲೋಟ ತೆಗೆದು ಚೆಲ್ಲಿದಳು. ಈಗ ಮನೆಯಲ್ಲಿ ಅವಳು ಮತ್ತು ಮಾವ ಕರಿಯಪ್ಪ, ಇಬ್ಬರೇ. ಗಂಡ ಬಾಲರಾಜು ಸಂಕ್ರಾಂತಿಯಾದ ಮರುವಾರ ಜ್ವರದಲ್ಲಿ ಹೋಗಿಬಿಟ್ಟಿದ್ದ. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು.

ಹಾರೋಹಳ್ಳಿಯಲ್ಲೇ ಮನೆ ಮಾಡಿಕೊಂಡು ಅಲ್ಲಿನ ಫ್ಯಾಕ್ಟರಿಗೆ ಹೋಗುತ್ತಿದ್ದ ಮೈದುನ ದೀಪು, ಶಿಫ್ಟಿಗೆ ಮುಂಚೆ ಬೈಕಿನಲ್ಲಿ ಬಂದು ಜಗಲಿ ಹತ್ತಿದ.

"ಅತ್ತಿಗೆ, ಭಾನ್ವಾರ ಆ ಸಿಮೆಂಟ್ ಇಟ್ಟಿಗೆಯೋನು ಬತ್ತಾನೆ. ಹೊಲ ಗುತ್ತಿಗೆಗೆ ಕೇಳ್ತಾವ್ನೆ, ಎಕರೆಗೆ ವರ್ಷಕ್ಕೆ ಸಾವಿರದೈನೂರು. ಮೂರು ವರ್ಷದ್ದು ಒಟ್ಟಿಗೇ ಎಣಿಸ್ತಾನೆ."

"ಹೊಲದಲ್ಲಿ ಇಟ್ಟಿಗೆ ಜೋಡಿಸಿದ್ಮೇಲೆ ರಾಗಿ ಬೆಳೆಯೋದು ಎಲ್ಲಿ?"

"ರಾಗೀಲಿ ಏನೈತೆ? ನಾನೇ ಲೆಕ್ಕ ಹಾಕಿವ್ನಿ. ಕೈಯಿಂದ ಹೋಗಿದ್ದು ಐದು ಸಾವಿರದ ಮುನ್ನೂರು. ಮಾರಿದ್ದು ಎಂಟು ಕ್ವಿಂಟಲ್, ಆರ್ನೂರರಂಗೆ ನಾಕು ಸಾವಿರದ ಎಂಟ್ನೂರು. ಐನೂರು ಲಾಸು. ಅಣ್ಣ ಇದ್ದ, ಮಾಡ್ತಿದ್ದ. ಈಗ ಯಾರು? ನೀವೂ ಒಸಿ ದಿನ ಚನ್ನಪಟ್ಟಣಕ್ಕೆ ಹೋಗಿ ನಿಮ್ಮಮ್ಮನ ತಾವ ಇರಿ."

ಕೊನೆಯ ಮಾತನ್ನು ಅವನು ಮೆತ್ತಗೇ ಹೇಳಿದ. ಆದರೂ ಭಾನುಪ್ರಿಯಳಿಗೆ ಅದು ನೇರವಾಗಿಯೇ ಕೇಳಿಸಿತು. ಆ ಎರಡು ಎಕರೆ ಇರುವವರೆಗೆ ಈ ಮನೆಯಲ್ಲಿ ಅವಳಿಗೊಂದು ಕೆಲಸ ಇತ್ತು. ಹೊಲ ಹೋದರೆ ಅವಳು ಇಲ್ಲಿ ಬಂದುಹೋಗುವ ನೆಂಟರವಳು.

ದೀಪು ಹೋದ ಮೇಲೆ, ಹನ್ನೊಂದು ದಿನದಲ್ಲಿ ಮೊದಲ ಸಲ, ಅವಳ ತಲೆಯೊಳಗೆ ಏನೋ ಅಲುಗಾಡಿತು. ಮೈಸೂರಿನಲ್ಲಿ ಎಂಕಾಂ ಓದುವಾಗ ಬಿಸ್ಕತ್ತಿನ ಫ್ಯಾಕ್ಟರಿಗೆ, ಬಸ್ಸಿನ ಕಂಪನಿಗೆ ವೆಚ್ಚದ ಲೆಕ್ಕ ಹಾಕಿದ್ದಳು. ತಾನು ದಿನಾ ತಿನ್ನುವ ರಾಗಿ ಕ್ವಿಂಟಲಿಗೆ ಎಷ್ಟು ಬೀಳುತ್ತದೆ? ಗೊತ್ತೇ ಇರಲಿಲ್ಲ.

ಸೀಮೆಸುಣ್ಣ ಹುಡುಕಿ ಜಗಲಿಯ ನೆಲದ ಮೇಲೆ ಬರೆಯತೊಡಗಿದಳು. ಕರಿಯಪ್ಪ ಕಂಬಕ್ಕೊರಗಿ ಕೂತು, ಕೇಳಿದ್ದಕ್ಕೆ ಉತ್ತರ ಕೊಟ್ಟ.

"ಮಾವ, ಒಂದು ಎಕರೆ ಉಳಕ್ಕೆ ಟ್ರ್ಯಾಕ್ಟರು ಎಷ್ಟೊತ್ತು ತಗೊಳ್ಳುತ್ತೆ?"

"ಒಂದು ಗಂಟೆ."

"ನಮ್ದು ಎರಡು ಎಕರೆ. ಬೋರಲಿಂಗಯ್ಯ ಒಂದು ಉಳುಮೆಗೆ ಮೂರು ಗಂಟೆ ದುಡ್ಡು ತಗೊಂಡವ್ನಲ್ಲ?"

"ಅವನ ಶೆಡ್ಡಿಂದ ಇಲ್ಲಿಗೆ ಅರ್ಧ ಗಂಟೆ, ವಾಪಸ್ಸು ಅರ್ಧ. ಕರೆಸಿದೋರು ದಾರಿದೂ ಕೊಡ್ಬೇಕು ಕಣವ್ವ."

"ಅದೇ ಸಲ ಪಕ್ಕದ ಗುಲ್ಜಾರಕ್ಕನ ಎಕರೆನೂ ಉತ್ತವ್ನೆ. ಅವರು ದಾರಿದು ಕೊಡಲಿಲ್ವಾ?"

"ಒಂದು ಎಕರೆಯೋಳ ಹತ್ರ ಏನು ಕೇಳೋದು ಅಂತ ಬಾಲು ತಾನೇ ಹಾಕ್ಕೋತಿದ್ದ."

ಗಂಟೆಗೆ ಮುನ್ನೂರು. ಮೂರು ಎಕರೆ ಉತ್ತ ಟ್ರ್ಯಾಕ್ಟರಿನ ದಾರಿಯನ್ನು ಮೂರು ಎಕರೆಗೂ ಹಂಚಿದರೆ ಎಕರೆಗೆ ನೂರು. ಎರಡು ಉಳುಮೆಗೆ ಎಕರೆಗೆ ಎಂಟುನೂರು ಆಗಬೇಕಿತ್ತು. ಗಂಡ ಕೊಟ್ಟದ್ದು ಒಂಬೈನೂರು. ಅವಳು ಎಂಟುನೂರನ್ನೇ ಬರೆದಳು. ಮಿಕ್ಕಿದ್ದು ರಾಗಿಯ ಖರ್ಚಲ್ಲ, ಬಾಲರಾಜುವಿನ ಸ್ವಭಾವದ ಖರ್ಚು.

ಗೊಬ್ಬರ, ಬೀಜ ಏಳುನೂರೈವತ್ತು. ಕುಂಟೆ, ಕಳೆ ಐನೂರೈವತ್ತು. ಕೊಯ್ಲಿಗೆ ಬಂದಾಗ ಸೀಮೆಸುಣ್ಣ ನಿಂತಿತು. ಕೊಯ್ಲಿನ ಹೊತ್ತಿಗೆ ಅವಳು ಊರಲ್ಲಿರಲಿಲ್ಲ. ತಾಯಿಗೆ ಆಪರೇಷನ್ ಆಗಿ ಚನ್ನಪಟ್ಟಣದಲ್ಲಿದ್ದಳು.

"ಎಕರೆ ಕುಯ್ಯಕ್ಕೆ ಎಷ್ಟು ಆಳು?"

"ಎಂಟು. ನಮ್ದಕ್ಕೆ ಹದಿನಾರು."

"ಕೂಲಿ ಕೊಟ್ಟಿರೋದು ನಾಕೇ ಆಳಿಗೆ. ನೀವು, ಅವರು ಮೂರು ದಿನ ಕುಯ್ದರೆ ಆರು. ಹತ್ತಾಯ್ತು. ಇನ್ನಾರು ಆಳಿನ ಕೆಲಸ ಯಾರು ಮಾಡಿದ್ರು?"

ಕರಿಯಪ್ಪ ಬೆರಳು ಮಡಿಸಿ ಎಣಿಸಿದ. ಆಮೇಲೆ ಹಣೆಗೆ ಕೈ ಹಚ್ಚಿಕೊಂಡ.

"ಅಯ್ಯೋ, ಮರ್ತೇ ಹೋಗಿತ್ತಲ್ಲಪ್ಪ. ಗುಲ್ಜಾರ್ ಬೀನೂ ಅವಳ ಸೊಸೆ ಮಜೀದಾನೂ ಮುಯ್ಯಾಳು ಬಂದಿದ್ರು, ಮೂರು ದಿನ. ಅವರ ಕಣದ ಕೆಲಸಕ್ಕೆ ನಾವು ತೀರಿಸ್ಬೇಕಿತ್ತು. ಅಷ್ಟರಲ್ಲಿ ಇದಾಯ್ತು."

"ಆಯಮ್ಮ ಕೇಳಲೇ ಇಲ್ಲ."

"ಸಾವಾದ ಮನೇಲಿ ಯಾರು ಕೇಳ್ತಾರೆ?"

ಭಾನುಪ್ರಿಯ ಆ ಆರು ಆಳಿಗೂ ಲೆಕ್ಕದಲ್ಲಿ ಕೂಲಿ ಕಟ್ಟಿದಳು, ಮಾವ ಮತ್ತು ಗಂಡನ ದುಡಿಮೆಗೂ ಕಟ್ಟಿದಳು. ಆಳಿಗೆ ಐವತ್ತರಂತೆ ಕೊಯ್ಲು ಎಕರೆಗೆ ನಾನೂರು. ಸಾಗಣೆ, ಒಕ್ಕಣೆ ಏಳುನೂರು. ಕೂಡಿದರೆ ಎಕರೆಗೆ ಮೂರು ಸಾವಿರದ ಇನ್ನೂರು. ಬೆಳೆದದ್ದು ಎಕರೆಗೆ ಎಂಟು ಕ್ವಿಂಟಲ್. ಕ್ವಿಂಟಲಿಗೆ ನಾನೂರು ಬಿತ್ತು. ಹಸು ತಿನ್ನುವ ಹುಲ್ಲಿಗೆ ಎಕರೆಗೆ ಎಂಟುನೂರು ಹಿಡಿದು ಕಳೆದರೆ, ಮುನ್ನೂರೇ.

ಸಂಜೆ ದೀಪು ಬಂದಾಗ ನೆಲವೆಲ್ಲ ಅಂಕಿ. ಚಪ್ಪಲಿ ಬಿಟ್ಟು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ.

"ಇದೇನತ್ತಿಗೆ, ಎಲ್ಲಾನೂ ಖರ್ಚಿಗೆ ಸೇರಿಸಿದ್ಮೇಲೂ ಲಾಭ ಬತ್ತೈತೆ?"

"ನೀನು ಮಾರಿದ ಎಂಟು ಕ್ವಿಂಟಲ್ ಮಾತ್ರ ಬರೆದೆ. ಮನೇಲಿ ಇಟ್ಕೊಂಡಿದ್ದು ಎಂಟು. ಕಣದಿಂದಲೇ ಎರಡು ಮೂಟೆ ಹಾರೋಹಳ್ಳಿಗೆ ಹೋಯ್ತಲ್ಲ, ಅದು ಯಾರ ಲೆಕ್ಕ?"

ಕರಿಯಪ್ಪ ಕೆಮ್ಮಿದಂತೆ ನಕ್ಕ. "ಹೇಳ್ಲಾ. ಮುದ್ದೆ ಉಣ್ಣೋವಾಗ ಲಾಸು ಅಂತ ಗೊತ್ತಾಗ್ಲಿಲ್ವೇನ್ಲಾ?"

"ಆಯ್ತು ಬುಡಪ್ಪ. ಹಂಗಾದ್ರೆ ಎಕರೆಗೆ ಎರಡು ಸಾವಿರದ ನಾನೂರು ಉಳೀತೈತೆ. ಆದ್ರೆ ಹೆಣ್ಣಾಳೆಲ್ಲ ಫ್ಯಾಕ್ಟರಿ ವ್ಯಾನ್ ಹತ್ತವ್ರೆ. ಮುಂದಿನ ವರ್ಷ ಕೂಲಿ ಎಂಬತ್ತಾಯ್ತದೆ, ನೋಡ್ತಿರಿ."

ಅದನ್ನೂ ಅವಳು ನೋಡಿದ್ದಳು. ಕಳೆ, ಕೊಯ್ಲು, ಒಕ್ಕಣೆ ಸೇರಿ ಎಕರೆಗೆ ಇಪ್ಪತ್ತೊಂದು ಆಳು. ಆಳಿಗೆ ಮೂವತ್ತು ಏರಿದರೆ ಆರುನೂರ ಮೂವತ್ತು ಕಡಿಮೆ. ಆಗಲೂ ಸಾವಿರದ ಏಳುನೂರ ಎಪ್ಪತ್ತು ಉಳಿಯುತ್ತಿತ್ತು. ಇಟ್ಟಿಗೆಯವನಿಗಿಂತ ಸ್ವಲ್ಪ ಮೇಲೆ.

"ಕೂಲಿ ಕೊಟ್ರೂ ಆಳು ಸಿಗದಿದ್ರೆ?" ಎಂದ ದೀಪು.

ಅವಳು ನೆಲದ ಮೇಲಿನ ಆರು ಎಂಬ ಅಂಕಿ ತೋರಿಸಿ, ಗುಲ್ಜಾರ್ ಬೀಯ ಬಾಕಿ ಮುಯ್ಯಿಯ ವಿಷಯ ಹೇಳಿದಳು. ಆ ಪ್ರಶ್ನೆಗೆ ಉತ್ತರ ಆ ಆರು ಆಳಿನಲ್ಲಿತ್ತು. ಮುಯ್ಯಿ ತೀರಿಸದಿದ್ದರೆ ಮುಂದಿನ ಕೊಯ್ಲಿಗೆ ಈ ಹೊಲಕ್ಕೆ ಯಾರೂ ಇಳಿಯುವುದಿಲ್ಲ.

"ಮುನ್ನೂರು ತಾನೆ, ನಾನೇ ಕೊಟ್ಟು ಬತ್ತೀನಿ," ಎಂದು ದೀಪು ಜೇಬಿಗೆ ಕೈ ಹಾಕಿದ.

"ದುಡ್ಡು ಕೊಟ್ರೆ ಅದು ಕೂಲಿ ಆಯ್ತು," ಎಂದ ಕರಿಯಪ್ಪ. "ಮುಂದ್ಲ ಸಲ ಕರೆದ್ರೆ, ಕೂಲಿ ಎಷ್ಟು ಅಂತ ಕೇಳ್ತಾಳೆ. ಆಳಿಗೆ ಆಳೇ ಹೋಗ್ಬೇಕು. ನಾನು ಹೋಗಾನ ಅಂದ್ರೆ ಸೊಂಟ..."

"ನಾನು ಹೋಗ್ತೀನಿ," ಎಂದಳು ಭಾನುಪ್ರಿಯ.

ಕರಿಯಪ್ಪ ತಲೆ ತಗ್ಗಿಸಿದ. ಸೂತಕ ಕಳೆದರೂ ಅವಳಂಥವಳು ಬೇರೆಯವರ ಕಣ ತುಳಿಯಬಾರದು ಎನ್ನುವವರು ಊರಲ್ಲಿದ್ದರು. ಆದರೂ ಅವನು ಮಗನಿಗೆ, "ಭಾನ್ವಾರ ಆ ಇಟ್ಟಿಗೆಯೋನ್ಗೆ ಬರ್ಬ್ಯಾಡ ಅನ್ನು," ಎಂದ.

ಬೆಳಿಗ್ಗೆ ಅವಳು ಹೋದಾಗ ಗುಲ್ಜಾರ್ ಬೀಯ ಕಣದಲ್ಲಿ ಮೆದೆ ಬಿಚ್ಚಿ ತೆನೆ ಹರಡುತ್ತಿದ್ದರು. ಅವಳು ಅಂಚಿನಲ್ಲೇ ನಿಂತಳು.

"ನಮ್ಮನೆಯೋರು ಇಸ್ಕೊಂಡಿದ್ದ ಆರು ಆಳು ತೀರಿಸಕ್ಕೆ ಬಂದೆ ಅಕ್ಕ. ನಾನು ಕಣಕ್ಕೆ ಕಾಲಿಡಬಹುದಾ?"

"ಅಯ್ಯ, ನನ್ ಕಣಕ್ಕೆ ನಿಮ್ ಶಾಸ್ತ್ರ ಯಾಕಮ್ಮ? ಬಿಸ್ಲು ಏರ್ತಾ ಐತೆ, ಬಾ ಒಳಕ್ಕೆ." ಮುದುಕಿ ಮೊರ ಚಾಚಿದಳು. "ಬೋರಲಿಂಗಯ್ಯನ ಟ್ರ್ಯಾಕ್ಟರು ತುಳಿಸಕ್ಕೆ ಬತ್ತದೆ. ಈ ಸಲ ಕರೆಸಿರೋಳು ನಾನು, ದಾರಿ ದುಡ್ಡು ನಂದೇ."

"ಮುಂದಿನ ಉಳುಮೆಯಿಂದ ಎಕರೆ ಲೆಕ್ಕದಲ್ಲಿ ಹಂಚ್ಕೊಳ್ಳೋಣ. ನಿಮಗೆ ಒಂದು ಪಾಲು, ನಮಗೆ ಎರಡು."

ಗುಲ್ಜಾರ್ ಬೀ ಅವಳ ಮುಖ ನೋಡಿದಳು. "ಅಂದ್ರೆ ಉಳ್ತೀರ ನೀವು."

"ಉಳ್ತೀವಿ."

ಟ್ರ್ಯಾಕ್ಟರು ತುಳಿಸಿ ಹೋದ ಮೇಲೆ ಮಧ್ಯಾಹ್ನ ಗಾಳಿ ಬಂತು. ಭಾನುಪ್ರಿಯ ಮೊರ ಎತ್ತಿ ತೂರಿದಳು. ಹೊಟ್ಟೂ ಕಾಳೂ ಒಟ್ಟಿಗೇ ಅವಳ ಕಾಲ ಮೇಲೆ ಬಿದ್ದವು. ಮಜೀದಾ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅತ್ತೆ, ಇವರು ಒಂದಾಳಲ್ಲ, ಅರ್ಧ ಆಳು."

"ಸರಿ," ಎಂದಳು ಭಾನುಪ್ರಿಯ, ಕಣ್ಣಿಗೆ ಬಿದ್ದ ಹೊಟ್ಟನ್ನು ಒರೆಸಿಕೊಳ್ಳುತ್ತ. ಒರೆಸಿದಷ್ಟೂ ನೀರು ಬರುತ್ತಿತ್ತು. "ಹಾಗಾದ್ರೆ ಹನ್ನೆರಡು ದಿನ ಬರ್ತೀನಿ."

ಮತ್ತೆ ಮೊರ ತುಂಬಿಕೊಂಡು ಗಾಳಿಗೆ ಅಡ್ಡವಾಗಿ ತಿರುಗಿ ನಿಂತಳು.